ಬರೆಯದೇ ಉಳಿದ ಆದೇಶ ಮತ್ತು ಕಳೆದುಹೋಗುವ ವರ್ಷಗಳು

ಕೆಲಸಕ್ಕೆ ಬಾರದ ದಿನಗಳಿಗೆ ಸಂಬಳವಿಲ್ಲ ಎಂಬುದನ್ನು ಯಾರೂ ಅನ್ಯಾಯ ಎನ್ನುವುದಿಲ್ಲ. ಆದರೆ ಬಾರದ ದಿನಗಳಿಗಾಗಿ ಅದಕ್ಕೂ ಮುಂಚೆ ದುಡಿದ ವರ್ಷಗಳನ್ನು ಕಿತ್ತುಕೊಳ್ಳಬಹುದೇ? ಕಿತ್ತುಕೊಳ್ಳುವುದಾದರೆ ಯಾರು, ಯಾವಾಗ, ಏನು ವಿಚಾರಿಸಿ ಅದನ್ನು ತೀರ್ಮಾನಿಸಬೇಕು? ಪಿಂಚಣಿಗೆ ಅರ್ಹತಾದಾಯಕ ಸೇವೆಯನ್ನು ಎಣಿಸುವಾಗ ಏಳುವ ನಿಜವಾದ ಪ್ರಶ್ನೆ ಇದೇ. ಕಚೇರಿಗಳು ಇದನ್ನು ಬರೀ ಕೂಡಿ ಕಳೆಯುವ ಲೆಕ್ಕವೆಂದು ನೋಡುತ್ತವೆ.

ಕರ್ನಾಟಕ ನಾಗರಿಕ ಸೇವಾ ನಿಯಮಗಳ 106-ಎ ಪ್ರಕಾರ, ರಜೆ ಮಂಜೂರಾಗದೆ ಉದ್ದೇಶಪೂರ್ವಕವಾಗಿ ಗೈರಾದ ಅವಧಿ ಡೈಸ್ ನಾನ್, ಅಂದರೆ ವೇತನ ಬಡ್ತಿ, ರಜೆ, ಪಿಂಚಣಿ ಯಾವುದರ ಲೆಕ್ಕಕ್ಕೂ ಇಲ್ಲದ ಅವಧಿ. ಇಲ್ಲಿಗೆ ನಿಂತಿದ್ದರೆ ತಕರಾರಿಲ್ಲ. ಪಿಂಚಣಿ ನಿಯಮಗಳಲ್ಲಿ ಸೇವಾಭಂಗ ಎಂಬ ಇನ್ನೊಂದು ತತ್ವವಿದೆ. ಮಂಜೂರಾದ ರಜೆಯ ಬೆನ್ನಿಗೆ ಅಂಟಿಕೊಂಡಿರದೆ ಒಂಟಿಯಾಗಿ ನಿಂತ ಗೈರು ಸೇವೆಯನ್ನೇ ತುಂಡರಿಸುತ್ತದೆ. ಸಕ್ಷಮ ಪ್ರಾಧಿಕಾರ ಆ ಅವಧಿಯನ್ನು ವೇತನರಹಿತ ರಜೆ ಎಂದು ಮಾರ್ಪಡಿಸಿಯೋ ಭಂಗವನ್ನು ಮನ್ನಿಸಿಯೋ ಆದೇಶ ಮಾಡದಿದ್ದರೆ, ತುಂಡಿನ ಹಿಂದಿನ ಸೇವೆ ಪೂರ್ತಿ ಹೋಗುತ್ತದೆ.

ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ಮಸ್ಕಿ ಇನ್ನೂ ಲಿಂಗಸುಗೂರು ತಾಲೂಕಿನಲ್ಲಿದ್ದ ಕಾಲ. ಅಲ್ಲಿನ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ 1986ರ ಜೂನ್ 1ರಂದು ಒಬ್ಬ ಶಿಕ್ಷಕರು ಸೇರಿದರು. 1997ರ ಜೂನ್ 1ರಿಂದ 14 ತಿಂಗಳು ಅವರು ಶಾಲೆಗೆ ಬರಲಿಲ್ಲ. ಮರಳಿ ಬಂದಾಗ ಹಾಜರು ಮಾಡಿಕೊಂಡರೇ ಹೊರತು ಗೈರಿನ ಬಗ್ಗೆ ಯಾರೂ ಆದೇಶ ಬರೆಯಲಿಲ್ಲ. ಆಮೇಲೆ ಸಿಂಧನೂರಿಗೆ ವರ್ಗವಾದರು. ಅಲ್ಲಿದ್ದಾಗ 9 ತಿಂಗಳು ಅಮಾನತಿನಲ್ಲಿದ್ದು, ಸಣ್ಣ ದಂಡನೆಯೊಂದಿಗೆ ಮತ್ತೆ ಸೇವೆಗೆ ಸೇರಿದರು. 2014ರ ಮೇ 31ರಂದು 24,000 ರೂಪಾಯಿ ಮೂಲ ವೇತನದಲ್ಲಿ ನಿವೃತ್ತರಾದರು. ಸೇರಿದ ದಿನದಿಂದ ಎಣಿಸಿದರೆ 28 ವರ್ಷ.

ಆಗ 33 ವರ್ಷಕ್ಕೆ, ಅಂದರೆ 66 ಅರ್ಧವರ್ಷಗಳಿಗೆ, ಪೂರ್ಣ ಪಿಂಚಣಿ. ವೇತನದ ಅರ್ಧವನ್ನು ಗಳಿಸಿದ ಅರ್ಧವರ್ಷಗಳಿಂದ ಗುಣಿಸಿ 66ರಿಂದ ಭಾಗಿಸಬೇಕು. ಮೂರು ತಿಂಗಳಿಗೆ ಕಡಿಮೆಯಾದ ಚಿಲ್ಲರೆ ಬಿಡುತ್ತದೆ, ಮೂರು ಅಥವಾ ಹೆಚ್ಚಾದರೆ ಒಂದು ಅರ್ಧವರ್ಷವಾಗುತ್ತದೆ. ಬೇರೆ ಸೇರ್ಪಡೆಗಳನ್ನು ಬದಿಗಿಟ್ಟು ನೋಡೋಣ.

ಗೈರಿನ ಬಗ್ಗೆ ಆದೇಶವೇ ಇಲ್ಲವೆಂದು ಮೊದಲ 11 ವರ್ಷ ಹೋದವು, ಅಮಾನತಿನ 9 ತಿಂಗಳೂ ಹೋದವು ಎನ್ನಿ. ಉಳಿಯುವುದು 15 ವರ್ಷ 1 ತಿಂಗಳು, ಅಂದರೆ 30 ಅರ್ಧವರ್ಷ. ಪಿಂಚಣಿ ಸುಮಾರು 5,455 ರೂಪಾಯಿ. ಇನ್ನು ಭಂಗವನ್ನು ಮನ್ನಿಸಿ, 14 ತಿಂಗಳನ್ನೂ ಅಮಾನತನ್ನೂ ಮಾತ್ರ ಕಳೆದರೆ 26 ವರ್ಷ 1 ತಿಂಗಳು, 52 ಅರ್ಧವರ್ಷ. ಪಿಂಚಣಿ ಸುಮಾರು 9,455. ಜೊತೆಗೆ ಅಮಾನತನ್ನೂ ಎಣಿಸಿದರೆ 26 ವರ್ಷ 10 ತಿಂಗಳು, 54 ಅರ್ಧವರ್ಷ, ಸುಮಾರು 9,818.

ಅಮಾನತು ಮಾಡಿದ ವ್ಯತ್ಯಾಸ ತಿಂಗಳಿಗೆ 363 ರೂಪಾಯಿ. ಬರೆಯದೇ ಬಿಟ್ಟ ಒಂದು ಆದೇಶ ಮಾಡಿದ ವ್ಯತ್ಯಾಸ 4,000 ರೂಪಾಯಿ. ಅದೂ ಬದುಕಿರುವವರೆಗೆ. ಉಪದಾನವೂ ಅರ್ಧವರ್ಷಗಳ ಲೆಕ್ಕದಲ್ಲೇ ಬರುವುದರಿಂದ ಅದೂ ಇಳಿಯುತ್ತದೆ.

ಇದಕ್ಕೆ ಎದುರು ವಾದವೊಂದಿದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಆ ಒಬ್ಬರು ಬಾರದಿದ್ದರೆ ಶಾಲೆಯೇ ಮುಚ್ಚಿದಂತೆ. ರಾಯಚೂರು ಜಿಲ್ಲೆಯ ಹಳ್ಳಿಯ ತಾಯಿತಂದೆಯರ ಮುಂದೆ ನಿಂತು ‘ಮೇಷ್ಟ್ರ ಪಿಂಚಣಿ ಕಡಿಮೆಯಾಯಿತು’ ಎಂದು ಮರುಗುವುದು ಕಷ್ಟ. ಒಂದು ವರ್ಷದ ಪಾಠ ತಪ್ಪಿದ ಮಕ್ಕಳಿಗೆ ಆ ವರ್ಷವನ್ನು ಯಾವ ಪ್ರಾಧಿಕಾರವೂ ಮನ್ನಿಸಿ ಕೊಡಲಾರದು. ಶಿಸ್ತು ಬೇಕು. ಗಂಭೀರ ಗೈರಿಗೆ ಗಂಭೀರ ಶಿಕ್ಷೆಯೂ ಬೇಕು.

ಆದರೆ ಅದಕ್ಕೆಂದೇ ದಾರಿಯಿದೆ. 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಡಿ ಆರೋಪಪಟ್ಟಿ ಕೊಟ್ಟು, ವಿವರಣೆ ಕೇಳಿ, ವಿಚಾರಣೆ ನಡೆಸಿ ವಜಾ ಕೂಡ ಮಾಡಬಹುದು. ವಜಾ ಆದರೆ ಹಿಂದಿನ ಸೇವೆ ಹೋಗುತ್ತದೆ, ಆದರೆ ಒಬ್ಬ ಅಧಿಕಾರಿ ಕಾರಣ ಬರೆದು ಸಹಿ ಹಾಕಿದ ಮೇಲೆ ಹೋಗುತ್ತದೆ. 2012ರ ಕೃಷ್ಣಕಾಂತ್ ಪರಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಗೈರು ಉದ್ದೇಶಪೂರ್ವಕ ಎಂದು ಸಾಬೀತಾಗದೆ ಅದು ದುರ್ನಡತೆಯಾಗದು ಎಂದು. ಕಾಯಿಲೆ ಬಿದ್ದವರೂ ಊರು ಬಿಟ್ಟು ವ್ಯಾಪಾರಕ್ಕಿಳಿದವರೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ. ವಿಚಾರಿಸಿದರೆ ಮಾತ್ರ ಬೇರೆಯಾಗುತ್ತಾರೆ. 1971ರ ದೇವಕಿನಂದನ ಪ್ರಸಾದ್ ಪ್ರಕರಣವೂ ಗೈರಿನಿಂದಲೇ ಹುಟ್ಟಿದ್ದು. ಐದು ವರ್ಷ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆಂಬ ಬಿಹಾರದ ನಿಯಮದಡಿ ಕೈಗೊಂಡ ಕ್ರಮವನ್ನು, ಅಹವಾಲು ಹೇಳಿಕೊಳ್ಳುವ ಅವಕಾಶ ಕೊಡಲಿಲ್ಲವೆಂದು ನ್ಯಾಯಾಲಯ ಒಪ್ಪಲಿಲ್ಲ. ಪಿಂಚಣಿ ಸರ್ಕಾರದ ಕೃಪೆಯಲ್ಲ, ಹಕ್ಕು ಎಂಬ ಮಾತೂ ಅದೇ ತೀರ್ಪಿನದು.

ನಮ್ಮ ಶಿಕ್ಷಕರ ಗೈರಿನ ವಿಷಯದಲ್ಲಿ ಯಾರೂ ವಿಚಾರಿಸಲಿಲ್ಲ, ಯಾರೂ ಶಿಕ್ಷಿಸಲಿಲ್ಲ. ಮರಳಿ ಬಂದ ಮೇಲೆ 15 ವರ್ಷ ಕೆಲಸ ಮಾಡಿಸಿಕೊಂಡು, ಮನೆಗೆ ಹೋಗುವ ಹೊತ್ತಿಗೆ ಕಡತದ ಮೌನವೇ ಶಿಕ್ಷೆಯಾಯಿತು. ನನ್ನ ತಕರಾರು ಇರುವುದು ಇಲ್ಲಿ. ಕೇಂದ್ರ ಸರ್ಕಾರದ 1972ರ ಪಿಂಚಣಿ ನಿಯಮಗಳ 28ನೇ ನಿಯಮ ಇದೇ ಮೌನವನ್ನು ಬೇರೆ ರೀತಿ ಓದಿತು. ಸೇವಾ ಪುಸ್ತಕದಲ್ಲಿ ವಿರುದ್ಧವಾದ ನಮೂದು ಇಲ್ಲದಿದ್ದರೆ ಎರಡು ಸೇವಾವಧಿಗಳ ನಡುವಿನ ಭಂಗ ತಾನಾಗಿಯೇ ಮನ್ನಾ ಆದಂತೆ. ರಾಜೀನಾಮೆ, ವಜಾ, ಮುಷ್ಕರದಂಥವಕ್ಕೆ ಈ ಸೌಲಭ್ಯವಿಲ್ಲ, ಭಂಗದ ಅವಧಿಯೂ ಎಣಿಕೆಗೆ ಬರುವುದಿಲ್ಲ. ಬರೆಯಬೇಕಾದ ಹೊಣೆ ಕಚೇರಿಯದು, ಬರೆಯದಿದ್ದರೆ ಅದರ ನಷ್ಟ ನೌಕರನಿಗಲ್ಲ. ಇದು ಸರಿಯಾದ ಕ್ರಮ.

ಅಮಾನತಿನಲ್ಲೂ ಇಂಥದೇ ಒಂದು ಬಿರುಕಿದೆ. 99ನೇ ನಿಯಮದಂತೆ ಪುನಃ ಸೇವೆಗೆ ತೆಗೆದುಕೊಳ್ಳುವ ಅಧಿಕಾರಿ ಎರಡು ವಿಷಯ ತೀರ್ಮಾನಿಸಬೇಕು. ಆ ಅವಧಿಗೆ ಎಷ್ಟು ವೇತನ, ಮತ್ತು ಅದು ಕರ್ತವ್ಯವೋ ಅಲ್ಲವೋ. ಪೂರ್ತಿ ದೋಷಮುಕ್ತರಾದರೆ ಕರ್ತವ್ಯವೇ. ಇಲ್ಲದಿದ್ದರೆ ಕರ್ತವ್ಯವಲ್ಲ. ಆದರೆ ನಿರ್ದಿಷ್ಟ ಉದ್ದೇಶಕ್ಕೆ ಕರ್ತವ್ಯವೆಂದು ಎಣಿಸುವಂತೆ ಅಧಿಕಾರಿ ಹೇಳಬಹುದು. ಅಂದರೆ ಪೂರ್ಣ ವೇತನ ಕೊಡದೆಯೂ ಪಿಂಚಣಿಗೆ ಮಾತ್ರ ಆ ಅವಧಿಯನ್ನು ಉಳಿಸಬಹುದು. ‘ಅಮಾನತು ಅವಧಿಯನ್ನು ಅಮಾನತು ಎಂದೇ ಪರಿಗಣಿಸಿದೆ’ ಎಂದು ಒಂದು ಸಾಲು ಬರೆದು ಮುಗಿಸುವ ಆದೇಶ ಈ ಎರಡನೆಯ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

2006ರ ಏಪ್ರಿಲ್ 1ಕ್ಕೆ ಮುಂಚೆ ಸೇರಿ ಹಳೆಯ ಪಿಂಚಣಿಯಲ್ಲಿರುವವರಿಗೆ ಈ ಲೆಕ್ಕ ಇನ್ನೂ ಜೀವಂತ. ಅವರಲ್ಲಿ ಮಸ್ಕಿ ಭಾಗದವರ ಸೇವಾ ಪುಸ್ತಕಗಳು ಲಿಂಗಸುಗೂರಿನ, ಸಿಂಧನೂರಿನ ಕಚೇರಿಗಳನ್ನು ಹಾದು ಬಂದಿರಬಹುದು. ಹಳೆಯ ಕಚೇರಿಯ ಆದೇಶ ಪುಸ್ತಕಕ್ಕೆ ಏರದೆ ಅಲ್ಲೇ ಕಡತದಲ್ಲಿ ಉಳಿದಿರಬಹುದು. ಪತ್ತೆ ಹಚ್ಚುವುದು ಕಷ್ಟವಲ್ಲ. ವಾರ್ಷಿಕ ಸೇವಾ ಪರಿಶೀಲನೆಯ ಷರಾ ಯಾವ ವರ್ಷ ತಪ್ಪಿದೆ ನೋಡಬೇಕು. ವಾರ್ಷಿಕ ವೇತನ ಬಡ್ತಿಯ ದಿನಾಂಕ ಕಾರಣವಿಲ್ಲದೆ ಮುಂದಕ್ಕೆ ಸರಿದಿದ್ದರೆ ಅಲ್ಲೊಂದು ತೀರದ ಅವಧಿಯಿದೆ. ಆ ದಿನಗಳು ರಜೆ ಲೆಕ್ಕದಲ್ಲೂ ಇಲ್ಲದಿದ್ದರೆ ಅನುಮಾನ ಗಟ್ಟಿ.

ಕಾಗದಪತ್ರ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋದ ಮೇಲೆ ಆಕ್ಷೇಪಣೆ ಬಂದರೆ, ಉತ್ತರಿಸಬೇಕಾದ ಅಧಿಕಾರಿ 20 ವರ್ಷದ ಹಿಂದಿನ ಗೈರಿನ ಬಗ್ಗೆ ಏನೂ ತಿಳಿಯದವರು. ಆದ್ದರಿಂದ ಸೇವೆಯಲ್ಲಿರುವಾಗಲೇ ಅರ್ಜಿ ಕೊಡಬೇಕು. ಅದರಲ್ಲಿ ಅವಧಿಯನ್ನು ಸಕ್ರಮಗೊಳಿಸಿ ಎಂದಷ್ಟೇ ಬರೆದರೆ ಸಾಲದು. ಗೈರಿನ ಅವಧಿಯನ್ನು ಏನೆಂದು ಪರಿಗಣಿಸಿದೆ, ಅದು ಪಿಂಚಣಿಗೆ ಎಣಿಕೆಯಾಗುತ್ತದೆಯೇ, ಅದರ ಹಿಂದಿನ ಸೇವೆ ಉಳಿಯುತ್ತದೆಯೇ ಎಂಬ ಮೂರಕ್ಕೂ ಬೇರೆಬೇರೆ ಉತ್ತರವಿರುವ ಆದೇಶ ಕೇಳಬೇಕು, ಅದರ ಸಂಖ್ಯೆ ದಿನಾಂಕಗಳು ಸೇವಾ ಪುಸ್ತಕದಲ್ಲಿ ಅಧಿಕಾರಿಯ ಸಹಿಯೊಂದಿಗೆ ಏರುವವರೆಗೂ ಬೆನ್ನು ಬಿಡಬಾರದು.