ಛೇದ ಕಾಣದ ಶೇಕಡಾ

ಎಂಡಿ ಮೈಕ್ರೊಬಯಾಲಜಿ ಥೀಸಿಸ್‌ಗಳ ಫಲಿತಾಂಶದ ಅಧ್ಯಾಯಕ್ಕೆ ಒಂದು ಖಾಯಂ ಅಚ್ಚಿದೆ. ಪ್ರತಿ ಬ್ಯಾಕ್ಟೀರಿಯಾಕ್ಕೂ ಒಂದು ಕೋಷ್ಟಕ, ಅದರ ಕೆಳಗೆ ಅವೇ ಅಂಕಿಗಳ ಬಣ್ಣದ ಕಂಬಚಿತ್ರ, ಅದರ ಕೆಳಗೆ ಮತ್ತೆ ಅವನ್ನೇ ವಾಕ್ಯದಲ್ಲಿ ಹೇಳುವ ಪ್ಯಾರಾ. ಇಷ್ಟು ಪುಟ ತಿರುವಿದ ಮೇಲೂ, ‘ಕಲ್ಚರ್ ರಿಪೋರ್ಟ್ ಬರುವ ಮೊದಲು ಈ ರೋಗಿಗೆ ಯಾವ ಔಷಧ ಶುರುಮಾಡಲಿ’ ಎಂಬ ವಾರ್ಡಿನ ವೈದ್ಯರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಆ್ಯಂಟಿಬಯೋಗ್ರಾಂ ಹುಟ್ಟಿರುವುದೇ ಆ ಪ್ರಶ್ನೆಗಾಗಿ. ಗೈಡ್‌ಗಳು ಗೆರೆ, ಬಣ್ಣ, ಅಕ್ಷರದ ಗಾತ್ರ ತಿದ್ದಿಸುತ್ತಾರೆ; ತಿದ್ದಿಸಲಿ. ಆದರೆ ಕೋಷ್ಟಕ ಓದಲಾಗದಂತೆ ಕೆಡುವುದು ಬಹುಮಟ್ಟಿಗೆ ಅದಕ್ಕೂ ಮೊದಲೇ, ಶೇಕಡಾವಾರಿನ ಛೇದದಲ್ಲಿ ಯಾರನ್ನು ಎಣಿಸಿದ್ದೇವೆ ಎಂಬುದನ್ನು ತೀರ್ಮಾನಿಸದೆ ಬಿಟ್ಟಾಗ.

ಒಂದು ಕಲ್ಪಿತ ಲೆಕ್ಕ ತೆಗೆದುಕೊಳ್ಳೋಣ. ವರ್ಷವೊಂದರಲ್ಲಿ ಮೂತ್ರದ ಮಾದರಿಗಳಿಂದ 200 ಇ. ಕೋಲೈ ಬೆಳೆದಿವೆ. ರಿಜಿಸ್ಟರಿನಲ್ಲಿ ಆಸ್ಪತ್ರೆ ಸಂಖ್ಯೆ ಹೊಂದಿಸಿ ನೋಡಿದರೆ ರೋಗಿಗಳು 160 ಮಾತ್ರ. ಉಳಿದ 40 ಅದೇ ರೋಗಿಗಳಿಂದ ಮತ್ತೆ ಬಂದವು. ಮತ್ತೆ ಮತ್ತೆ ಕಲ್ಚರ್ ಕಳಿಸುವುದು ಯಾರಿಗೆ? ಕ್ಯಾಥೆಟರ್ ಹಾಕಿಸಿಕೊಂಡು ವಾರಗಟ್ಟಲೆ ಮಲಗಿರುವವರಿಗೆ, ಕೊಟ್ಟ ಔಷಧಕ್ಕೆ ಜ್ವರ ಇಳಿಯದವರಿಗೆ. ಹಾಗಾಗಿ ಆ 40ರಲ್ಲಿ ಸಿಪ್ರೊಫ್ಲಾಕ್ಸಸಿನ್‌ಗೆ ಸೆನ್ಸಿಟಿವ್ ಆಗಿದ್ದವು ಬರೀ 4. ಮೊದಲ ಸಲದ 160ರಲ್ಲಿ 64 ಸೆನ್ಸಿಟಿವ್, ಅಂದರೆ ಶೇ. 40. ಎಲ್ಲ 200ನ್ನೂ ಸೇರಿಸಿದರೆ 68, ಅಂದರೆ ಶೇ. 34. ಆಸ್ಪತ್ರೆಗೆ ಹೊಸದಾಗಿ ಬರುವ ರೋಗಿಯ ವಿಷಯದಲ್ಲಿ ಎರಡನೆಯ ಅಂಕಿ ಏನನ್ನೂ ಹೇಳುವುದಿಲ್ಲ. ಕೆಲವೇ ಹಳೆಯ ರೋಗಿಗಳನ್ನು ಅದು ಮತ್ತೆ ಮತ್ತೆ ಎಣಿಸಿದೆ. ಸಿಎಲ್‌ಎಸ್‌ಐ ಸಂಸ್ಥೆಯ ಎಂ39 ಮಾರ್ಗಸೂಚಿ ಇದಕ್ಕೇ ಒಬ್ಬ ರೋಗಿ, ಒಂದು ಪ್ರಭೇದ, ಒಂದು ಅವಧಿಗೆ ಮೊದಲ ಐಸೊಲೇಟ್ ಮಾತ್ರ ಎನ್ನುತ್ತದೆ. ಹೆಚ್ಚು ರೆಸಿಸ್ಟೆಂಟ್ ಆದದ್ದನ್ನು ಆರಿಸುವಂತಿಲ್ಲ, ಮೊದಲು ಬಂದದ್ದನ್ನೇ ಇಟ್ಟುಕೊಳ್ಳಬೇಕು.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. 90 ಮಿಮೀ ತಟ್ಟೆಯಲ್ಲಿ ಐದಾರಕ್ಕಿಂತ ಹೆಚ್ಚು ಡಿಸ್ಕ್ ಕೂರುವುದಿಲ್ಲ, ಡಿಸ್ಕ್‌ಗೆ ದುಡ್ಡೂ ಬೇಕು. ಹೀಗಾಗಿ ಎಷ್ಟೋ ಲ್ಯಾಬ್‌ಗಳಲ್ಲಿ ಸೆಫ್ಟ್ರಿಯಾಕ್ಸೋನ್‌ಗೆ ಜಗ್ಗದಿದ್ದವಕ್ಕೆ ಮಾತ್ರ ಮೆರೊಪೆನೆಮ್ ಹಾಕುವ ರೂಢಿಯಿದೆ. ನಮ್ಮ 160ರಲ್ಲಿ ಅಂಥವು 100 ಎನ್ನಿ. ಅವುಗಳಲ್ಲಿ 76 ಮೆರೊಪೆನೆಮ್‌ಗೆ ಸೆನ್ಸಿಟಿವ್. ಕೋಷ್ಟಕದಲ್ಲಿ ಶೇ. 76 ಎಂದು ಬಿತ್ತು. ಅದೇ 160ಕ್ಕೂ ಡಿಸ್ಕ್ ಹಾಕಿದ್ದರೆ ಉಳಿದ 60 ಸಹ ಸೆನ್ಸಿಟಿವ್ ಬಂದು 136, ಶೇ. 85 ಆಗುತ್ತಿತ್ತು. ಆ 60ನ್ನು ಪರೀಕ್ಷೆಯಿಲ್ಲದೆ ಸೆನ್ಸಿಟಿವ್ ಎಂದು ಬರೆದುಕೊಳ್ಳುವ ಹಕ್ಕು ಯಾರಿಗೂ ಇಲ್ಲ, ಶೇ. 76ನ್ನು ಉಳಿದ ಔಷಧಗಳ ಪಕ್ಕ ನಿಲ್ಲಿಸುವ ಹಕ್ಕೂ ಇಲ್ಲ. ಥೀಸಿಸ್ ಶುರುವಾಗುವ ಮೊದಲೇ ಎಲ್ಲ ಐಸೊಲೇಟ್‌ಗಳಿಗೂ ಒಂದೇ ಡಿಸ್ಕ್ ಪಟ್ಟಿ ನಿಗದಿಯಾಗಬೇಕು. ಆಗದಿದ್ದರೆ ಆ ಔಷಧವನ್ನು ಮುಖ್ಯ ಕೋಷ್ಟಕದಿಂದ ಹೊರಗಿಟ್ಟು, ಯಾವ 100ಕ್ಕೆ ಹಾಕಿದ್ದೆಂದು ಬೇರೆಯಾಗಿ ಹೇಳಬೇಕು.

160ಕ್ಕೂ ಎಲ್ಲ ಡಿಸ್ಕ್ ಹಾಕಿದ್ದೇವೆ ಎಂದುಕೊಂಡರೆ ಕೋಷ್ಟಕ ಇಷ್ಟೇ ಸಾಕು:

| ಔಷಧ | ಪರೀಕ್ಷಿಸಿದ್ದು | ಸೆನ್ಸಿಟಿವ್ | ಶೇಕಡಾ |
|---|---|---|---|
| ನೈಟ್ರೊಫ್ಯುರಾಂಟಾಯಿನ್ | 160 | 136 | 85 |
| ಮೆರೊಪೆನೆಮ್ | 160 | 136 | 85 |
| ಸಿಪ್ರೊಫ್ಲಾಕ್ಸಸಿನ್ | 160 | 64 | 40 |
| ಸೆಫ್ಟ್ರಿಯಾಕ್ಸೋನ್ | 160 | 60 | 38 |

ಇದರಲ್ಲಿ ರೆಸಿಸ್ಟೆಂಟ್ ಎಂಬ ಕಾಲಂ ಇಲ್ಲ. ವೈದ್ಯರು ಹುಡುಕುವುದು ಕೆಲಸ ಮಾಡುವ ಔಷಧವನ್ನು; ಒಂದೇ ಕೋಷ್ಟಕದಲ್ಲಿ ಎರಡೂ ದಿಕ್ಕಿನ ಶೇಕಡಾ ಇದ್ದರೆ ಅವಸರದಲ್ಲಿ ಕಣ್ಣು ತಪ್ಪು ಕಾಲಮ್ಮಿಗೆ ಜಾರುತ್ತದೆ. ಇಂಟರ್ಮೀಡಿಯೆಟ್ ಬಂದವನ್ನು ಸೆನ್ಸಿಟಿವ್ ಜೊತೆ ಸೇರಿಸಿಲ್ಲ. ದಶಮಾಂಶವೂ ಇಲ್ಲ: 160ರ ಲೆಕ್ಕದಲ್ಲಿ 37.50 ಎಂದು ಬರೆಯುವುದು ಇಲ್ಲದ ನಿಖರತೆಯ ಆಡಂಬರ. ಅಡಿಟಿಪ್ಪಣಿ ಒಂದೇ ಬೇಕು, ನೈಟ್ರೊಫ್ಯುರಾಂಟಾಯಿನ್ ಮೂತ್ರಕೋಶದ ಸೋಂಕಿಗೆ ಮಾತ್ರ ಎಂದು. ಅದು ರಕ್ತದಲ್ಲಾಗಲಿ ಮೂತ್ರಪಿಂಡದ ಅಂಗಾಂಶದಲ್ಲಾಗಲಿ ಸಾಕಷ್ಟು ಮಟ್ಟ ಮುಟ್ಟುವುದಿಲ್ಲ. ಆ ಮಾತಿಲ್ಲದೆ ಶೇ. 85 ಅಪಾಯಕಾರಿ.

ಇಲ್ಲಿಗೆ ನಿಲ್ಲದೆ ಐಸಿಯು, ಒಪಿಡಿ, ಸರ್ಜರಿ ವಾರ್ಡ್ ಎಂದು ಒಡೆಯುವ ಆಸೆ ಹುಟ್ಟುತ್ತದೆ. ಆಸೆ ಸರಿಯಾದದ್ದೇ, ಐಸಿಯು ಬ್ಯಾಕ್ಟೀರಿಯಾದ ನಡತೆ ಬೇರೆ. ಆದರೆ ಎಂ39 ಕನಿಷ್ಠ 30 ಐಸೊಲೇಟ್ ಇರಲಿ ಎನ್ನುತ್ತದೆ, ಮತ್ತು ಆ 30 ಕೂಡ ಧಾರಾಳವೇನಲ್ಲ: 30ರಲ್ಲಿ 24 ಸೆನ್ಸಿಟಿವ್ ಬಂದ ಶೇ. 80ರ ನಿಜವಾದ ಮೌಲ್ಯ ಸುಮಾರು 63ರಿಂದ 90ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಐಸಿಯುನಿಂದ 11 ಮಾತ್ರ ಸಿಕ್ಕಿದ್ದರೆ ಶೇಕಡಾ ಬಿಟ್ಟು ‘11ರಲ್ಲಿ 5’ ಎಂದು ಬರೆದರೆ ಓದುಗರಿಗೆ ಮೋಸವಾಗದು.

ಪ್ರತಿರೋಧದ ಮಾದರಿ ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಕೋಷ್ಟಕ. ಮೇಲಿನದನ್ನು ಮತ್ತೆ ನೋಡಿ. ಮೆರೊಪೆನೆಮ್‌ಗೆ 24 ಜಗ್ಗಿಲ್ಲ, ನೈಟ್ರೊಫ್ಯುರಾಂಟಾಯಿನ್‌ಗೂ 24 ಜಗ್ಗಿಲ್ಲ. ಎರಡೂ ಅವೇ 24 ಇರಬಹುದು, ಒಂದೂ ಎರಡರಲ್ಲೂ ಬರದೆ 48 ಬೇರೆ ಬೇರೆ ಇರಬಹುದು. ಔಷಧವಾರು ಶೇಕಡಾಗಳನ್ನು ಎಷ್ಟು ದಿಟ್ಟಿಸಿದರೂ ಇದು ತಿಳಿಯದು. ಒಂದೊಂದು ಐಸೊಲೇಟಿನ ಸಾಲು ಹಿಡಿದು ಎಣಿಸಬೇಕು. ಎಣಿಸಿದಾಗ 15 ಎರಡಕ್ಕೂ ಜಗ್ಗಿಲ್ಲ ಎಂದು ಬಂದರೆ, ಮೆರೊಪೆನೆಮ್ ಸೋತ 24 ಜನರಲ್ಲಿ 9 ಜನರ ಮೂತ್ರಕೋಶದ ಸೋಂಕಿಗೆ ಮಾತ್ರ ನೈಟ್ರೊಫ್ಯುರಾಂಟಾಯಿನ್ ಆಸರೆ. ಹಾಗಾಗಿ ಈ ಎರಡನೆಯ ಕೋಷ್ಟಕದ ಸಾಲುಗಳು ಔಷಧಗಳಲ್ಲ, ಜೋಡಣೆಗಳು: ಯಾವ ಯಾವುದಕ್ಕೆ ಒಟ್ಟಿಗೆ ಜಗ್ಗದವು, ಎಷ್ಟು. ಹತ್ತು ಔಷಧಗಳ ಎಲ್ಲ ಜೋಡಣೆಗಳನ್ನೂ ಸುರಿದು ಮೂರು ಪುಟ ತುಂಬಿಸುವ ಬದಲು ಚಿಕಿತ್ಸೆ ಬದಲಾಗುವ ನಾಲ್ಕೈದನ್ನು ಇಟ್ಟು ಉಳಿದವನ್ನು ‘ಇತರೆ’ ಎಂದು ಕಟ್ಟಿದರೆ ಸಾಕು.

ಬಹು-ಔಷಧ ಪ್ರತಿರೋಧ ಎಂಬ ಹಣೆಪಟ್ಟಿ ಹಚ್ಚುವಾಗಲೂ ಎಣಿಕೆ ತಪ್ಪುತ್ತದೆ. 2012ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವ್ಯಾಖ್ಯೆಯಂತೆ ಮೂರು ಅಥವಾ ಹೆಚ್ಚು ಔಷಧ ವರ್ಗಗಳಲ್ಲಿ ತಲಾ ಒಂದಕ್ಕಾದರೂ ಜಗ್ಗದಿರಬೇಕು, ಮತ್ತು ಅದು ಗಳಿಸಿಕೊಂಡ ಪ್ರತಿರೋಧ ಆಗಿರಬೇಕು. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆಗೆ ಆ್ಯಂಪಿಸಿಲಿನ್ ಹುಟ್ಟಿನಿಂದಲೇ ನಾಟುವುದಿಲ್ಲ. ಅದನ್ನೂ ಒಂದು ವರ್ಗವೆಂದು ಎಣಿಸಿದರೆ ಎರಡೇ ವರ್ಗಕ್ಕೆ ಜಗ್ಗದ ಬ್ಯಾಕ್ಟೀರಿಯಾ ಸಹ ಈ ಪಟ್ಟಿಗೆ ಸೇರಿಬಿಡುತ್ತದೆ. ಆ ಚೌಕದಲ್ಲಿ ಸೊನ್ನೆ ಬರೆಯದೆ ‘ಸಹಜ ಪ್ರತಿರೋಧ’ ಎಂದು ಗುರುತು ಹಾಕಬೇಕು. ಪರೀಕ್ಷಿಸದ ಚೌಕಕ್ಕೆ ಗೆರೆ. ಸೊನ್ನೆ, ಸಹಜ ಪ್ರತಿರೋಧ, ಪರೀಕ್ಷಿಸದಿರುವುದು, ಈ ಮೂರೂ ಬೇರೆ ಸಂಗತಿಗಳು, ಮೂರನ್ನೂ ಖಾಲಿ ಬಿಟ್ಟ ಥೀಸಿಸ್‌ಗಳಿಗೆ ಬರವಿಲ್ಲ.

ಚರ್ಚೆಯ ಅಧ್ಯಾಯದಲ್ಲಿ ಹಳೆಯ ಅಧ್ಯಯನಗಳೊಡನೆ ಹೋಲಿಕೆ ಬಂದೇ ಬರುತ್ತದೆ. 2019ರಲ್ಲಿ ಸಿಎಲ್‌ಎಸ್‌ಐ ಇ. ಕೋಲೈ ಮೊದಲಾದವುಗಳ ಸಿಪ್ರೊಫ್ಲಾಕ್ಸಸಿನ್ ಮಿತಿ ಬಿಗಿ ಮಾಡಿತು. ಅದಕ್ಕೂ ಮೊದಲು 5 ಮೈಕ್ರೊಗ್ರಾಂ ಡಿಸ್ಕ್ ಸುತ್ತ 21 ಮಿಮೀ ಝೋನ್ ಇದ್ದರೆ ಸೆನ್ಸಿಟಿವ್. ಈಗ 26 ಬೇಕು. 23 ಮಿಮೀ ಝೋನ್ ಕೊಟ್ಟ ಅದೇ ಬ್ಯಾಕ್ಟೀರಿಯಾ 2018ರಲ್ಲಿ ಸೆನ್ಸಿಟಿವ್, 2019ರಲ್ಲಿ ಇಂಟರ್ಮೀಡಿಯೆಟ್. ‘ಐದು ವರ್ಷದಲ್ಲಿ ಇಷ್ಟು ಕುಸಿದಿದೆ’ ಎಂದು ಬರೆಯುವವರು ಕುಸಿದದ್ದರಲ್ಲಿ ಬ್ಯಾಕ್ಟೀರಿಯಾದ ಪಾಲೆಷ್ಟು, ಅಳತೆಗೋಲಿನ ಪಾಲೆಷ್ಟು ಎಂದು ಹೇಳಲಾರರು, ಏಕೆಂದರೆ ಹಿಂದಿನವರ ಮಾಸ್ಟರ್ ಚಾರ್ಟ್‌ನಲ್ಲಿ ಬರೀ ಎಸ್, ಐ, ಆರ್ ಅಕ್ಷರಗಳಿವೆ. ನಮ್ಮ ಚಾರ್ಟ್‌ನಲ್ಲಿ ಝೋನ್‌ನ ಮಿಲಿಮೀಟರನ್ನೇ ನಮೂದಿಸಿ, ಕೋಷ್ಟಕದ ತಲೆಯಲ್ಲಿ ಯಾವ ವರ್ಷದ ಎಂ100 ಬಳಸಿದ್ದೆಂದು ಬರೆದರೆ, ಮುಂದೆ ಮಿತಿ ಬದಲಾದಾಗ ಇನ್ನೊಬ್ಬ ವಿದ್ಯಾರ್ಥಿ ಆ 160ನ್ನೂ ಹೊಸ ಮಿತಿಯಲ್ಲಿ ಮತ್ತೆ ವಿಂಗಡಿಸಿಕೊಳ್ಳಬಹುದು.