ಮೂರೂವರೆಗೆ ಗಿಟ್ಟುತ್ತಾ?

ಸಾಗರದ ಕಡೆಯ ಒಂದು ಪುಟ್ಟ ಹಾಳೆ ತಟ್ಟೆ ಘಟಕ ಎಂದಿಟ್ಟುಕೊಳ್ಳೋಣ. ಅಡಿಕೆ ಹಾಳೆಯನ್ನು ತೊಳೆದು, ನೆನೆಸಿ, ನೀರು ಬಸಿದು, ಬಿಸಿ ಅಚ್ಚಿನಡಿ ಒತ್ತಿದರೆ ಹನ್ನೆರಡು ಇಂಚಿನ ಊಟದ ತಟ್ಟೆ ಸಿದ್ಧ. ಮಾರುವ ದರ ತೆರಿಗೆ ಬಿಟ್ಟು 4 ರೂಪಾಯಿ. ಹೀಗಿರುವಾಗ ಮದುವೆ ಅಡುಗೆಯ ಗುತ್ತಿಗೆದಾರರೊಬ್ಬರು ಬಂದು ಜಗಲಿಯಲ್ಲಿ ಕೂತು, "ಮೂರೂವರೆಗೆ ಹಾಕಿ ಮಾರಾಯ್ರೆ, ಪೇಟೆಯಲ್ಲೆಲ್ಲ ಅದೇ ರೇಟು. ಕಡಿಮೆ ಮಾಡಿದ್ರೆ ವ್ಯಾಪಾರ ತಾನಾಗೇ ಜಾಸ್ತಿ ಆಗ್ತದೆ" ಎನ್ನುತ್ತಾರೆ. ಮಾಲೀಕ ಒಳಗೇ ಕೇಳಿಕೊಳ್ಳುವ ಪ್ರಶ್ನೆ ಒಂದೇ: ತಟ್ಟೆಯ ಅಸಲು ಎಷ್ಟು ಬೀಳುತ್ತದೆ?

ಆ ಪ್ರಶ್ನೆಯಲ್ಲೇ ಎಡವಟ್ಟಿದೆ.

ಘಟಕದಲ್ಲಿ ಎರಡು ಜಾತಿಯ ಖರ್ಚುಗಳಿವೆ. ಯಂತ್ರ ಓಡಲಿ, ಬಿಡಲಿ, ತಿಂಗಳು ತುಂಬಿದರೆ ಕೊಡಲೇಬೇಕಾದದ್ದು ಒಂದು ಜಾತಿ: ಶೆಡ್ಡಿನ ಬಾಡಿಗೆ 8,000, ಬ್ಯಾಂಕಿನ ಕಂತು 11,000, ತಿಂಗಳ ಸಂಬಳದ ಆಪರೇಟರಿಗೆ 14,000, ವಿದ್ಯುತ್ತಿನ ನಿಗದಿತ ಶುಲ್ಕ, ವಿಮೆ ಇತ್ಯಾದಿಗೆ 3,000. ಒಟ್ಟು 36,000 ರೂಪಾಯಿ. (ಕಂತಿನಲ್ಲಿರುವ ಅಸಲಿನ ಭಾಗ ಖರ್ಚಲ್ಲ, ಅದರ ಬದಲು ಯಂತ್ರದ ಸವಕಳಿ ಹಿಡಿಯಬೇಕು ಎಂದು ಲೆಕ್ಕ ಪರಿಶೋಧಕರು ತಿದ್ದುತ್ತಾರೆ. ಅವರು ಹೇಳುವುದು ಸರಿ. ಆದರೆ ಕಂತು ಕಟ್ಟಲು ಕೈಯಲ್ಲಿ ದುಡ್ಡಿದೆಯೇ ಎಂದು ನೋಡುವವನಿಗೆ ಇದೇ ಲೆಕ್ಕ ಸಾಕು.)

ಇನ್ನೊಂದು ಜಾತಿ, ತಟ್ಟೆ ಒತ್ತಿದರಷ್ಟೇ ಹುಟ್ಟುವ ಖರ್ಚು. ಹಾಳೆಗೆ 1.45, ಒತ್ತಿ ಅಂಚು ಕತ್ತರಿಸುವವರಿಗೆ ತಟ್ಟೆಯ ಲೆಕ್ಕದ ಕೂಲಿ 50 ಪೈಸೆ, ಅಚ್ಚು ಕಾಯಿಸುವ ವಿದ್ಯುತ್ತಿಗೆ 30 ಪೈಸೆ. ಕೂಡಿದರೆ 2.25. ಬಹಳ ಜನ ಪ್ಯಾಕಿಂಗನ್ನು ಸೇರಿಸಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಒತ್ತಿದ ನೂರರಲ್ಲಿ ಹತ್ತು ತಟ್ಟೆ ಸೀಳಿಯೋ ಕಪ್ಪು ಕಲೆ ಬಿದ್ದೋ ರಾಶಿಯಿಂದ ಹೊರಗೆ ಹೋಗುತ್ತವೆ. ಅವಕ್ಕೂ ಹಾಳೆ, ಕೂಲಿ, ಕರೆಂಟು ಖರ್ಚಾಗಿರುತ್ತದೆ. ಆ 225 ರೂಪಾಯಿಯನ್ನು ಉಳಿದ ತೊಂಬತ್ತು ತಟ್ಟೆಗಳೇ ಹೊರಬೇಕು, ಅಂದರೆ ಒಂದಕ್ಕೆ 2.50. ಪ್ಯಾಕಿಂಗ್ ಮತ್ತು ಸಾಗಾಟದ 30 ಪೈಸೆ ಸೇರಿ 2.80.

ನಾಲ್ಕು ರೂಪಾಯಿಯಲ್ಲಿ 2.80 ಕಳೆದರೆ 1.20 ಉಳಿಯಿತು. ಇದಕ್ಕೆ ಲೆಕ್ಕಶಾಸ್ತ್ರದಲ್ಲಿ ಕಾಂಟ್ರಿಬ್ಯೂಷನ್ ಎನ್ನುತ್ತಾರೆ, ಅಂದರೆ ಕೊಡುಗೆ. ಹೆಸರು ಅರ್ಥವತ್ತಾಗಿದೆ. ಈ 1.20 ಇನ್ನೂ ಲಾಭವಲ್ಲ. ಮನೆಯ ಖರ್ಚಿನ ಡಬ್ಬಿಗೆ ದುಡಿಯುವ ಮಕ್ಕಳು ಹಾಕುವಂತೆ, ಪ್ರತಿ ತಟ್ಟೆಯೂ ಆ 36,000ದ ಡಬ್ಬಿಗೆ ಹಾಕುವ ಪಾಲು ಅದು. ಡಬ್ಬಿ ತುಂಬಲು 36,000ವನ್ನು 1.20ರಿಂದ ಭಾಗಿಸಿದಷ್ಟು, ಅಂದರೆ 30,000 ತಟ್ಟೆ ಮಾರಬೇಕು. ಬ್ರೇಕ್ ಈವನ್ ಎಂಬುದು ಇಷ್ಟೇ: ಆ ಮೂವತ್ತು ಸಾವಿರದವರೆಗೆ ಘಟಕ ನಷ್ಟದಲ್ಲಿರುತ್ತದೆ, ಅದರ ಮುಂದಿನ ತಟ್ಟೆಯಿಂದ 1.20 ಮಾಲೀಕನ ಜೇಬಿಗೆ. ಈಗ ತಿಂಗಳಿಗೆ 32,000 ಮಾರಾಟವಾಗುತ್ತಿದೆ ಎಂದರೆ ಉಳಿಯುತ್ತಿರುವುದು ಬರೀ 2,400.

ಈಗ ಮೂರೂವರೆಯ ಮಾತು. ದರ ಇಳಿದದ್ದು ಎಂಟನೇ ಒಂದು ಭಾಗ. ಆದರೆ ಖರ್ಚಿನ 2.80 ಅಲುಗಾಡಲಿಲ್ಲ. ಆ ಐವತ್ತು ಪೈಸೆ ಪೂರ್ತಿ ಕೊಡುಗೆಯಿಂದಲೇ ಹೋಗಿ, 1.20 ಇದ್ದದ್ದು 70 ಪೈಸೆಗೆ ಇಳಿಯಿತು. ಎಲ್ಲ ಗಿರಾಕಿಗಳಿಗೂ ಇದೇ ದರ ಮಾಡಿದರೆ ಬ್ರೇಕ್ ಈವನ್ 51,400ಕ್ಕೂ ಮೇಲೆ ಹೋಗುತ್ತದೆ. ಈ ಯಂತ್ರ ದಿನಕ್ಕೆ 1,600ರಂತೆ ಇಪ್ಪತ್ತೈದು ದಿನ ಓಡಿದರೂ ಕೊಡುವುದು 40,000 ತಟ್ಟೆ. ವ್ಯಾಪಾರ ಎಷ್ಟು ಜಾಸ್ತಿಯಾದರೂ ನಷ್ಟ ತಪ್ಪದು, ಯಾಕೆಂದರೆ ಬೇಕಾದಷ್ಟು ತಟ್ಟೆ ಹುಟ್ಟುವುದೇ ಇಲ್ಲ.

ಎದುರು ದಿಕ್ಕಿನಲ್ಲಿ ನೋಡಿದರೆ ಇನ್ನೂ ಸೋಜಿಗ. ದರವನ್ನು 4.40ಕ್ಕೆ ಏರಿಸಿದರೆ ಕೊಡುಗೆ 1.60, ಬ್ರೇಕ್ ಈವನ್ 22,500. ಈಗಿನ 2,400 ಉಳಿಯಲು 24,000 ತಟ್ಟೆ ಹೋದರೆ ಸಾಕು. ನಾಲ್ಕರಲ್ಲಿ ಒಂದು ಭಾಗದ ವ್ಯಾಪಾರ ಕೈಬಿಟ್ಟರೂ ಮಾಲೀಕ ಇದ್ದಲ್ಲೇ ಇರುತ್ತಾನೆ, ದುಡಿಮೆ ಮಾತ್ರ ಕಡಿಮೆ. ಕೊಡುಗೆ ತೆಳ್ಳಗಿರುವ ಉತ್ಪನ್ನಗಳಲ್ಲಿ ನಲವತ್ತು ಪೈಸೆಗೆ ಇಂಥ ತೂಕ. ಸಣ್ಣ ತಯಾರಕರು ದರ ಏರಿಸಲು ಹೆದರುವಷ್ಟು ಇಳಿಸಲು ಹೆದರುವುದಿಲ್ಲ. ಹೆದರಬೇಕಾದದ್ದು ಇಳಿಸುವುದಕ್ಕೆ.

ಹಾಗಾದರೆ "ಅಸಲು" ಎಂಬ ಪ್ರಶ್ನೆಯಲ್ಲಿ ತಪ್ಪೇನು? ವಾಡಿಕೆಯ ಲೆಕ್ಕದಲ್ಲಿ 36,000ವನ್ನು ತಟ್ಟೆಗಳಿಗೆ ಹಂಚುತ್ತಾರೆ. ನಲವತ್ತು ಸಾವಿರ ತಟ್ಟೆಗೆ ಹಂಚಿದರೆ ಅಸಲು 3.70. ಮಾರಾಟ ಇಪ್ಪತ್ತು ಸಾವಿರಕ್ಕೆ ಬಿದ್ದರೆ ಅದೇ ತಟ್ಟೆಯ ಅಸಲು 4.60. ಅಸಲಿನ ಮೇಲೆ ಇಷ್ಟು ಲಾಭ ಎಂದು ದರ ಕಟ್ಟುವವನು, ವ್ಯಾಪಾರ ಬಿದ್ದ ತಿಂಗಳೇ ದರ ಏರಿಸಬೇಕಾಗುತ್ತದೆ. ಏರಿಸಿದರೆ ವ್ಯಾಪಾರ ಮತ್ತೂ ಬೀಳುತ್ತದೆ. ಎಷ್ಟು ಮಾರುತ್ತೇವೆ ಎಂಬುದು ಗೊತ್ತಾಗದೆ ಅಸಲು ಗೊತ್ತಾಗದು, ದರ ಕಟ್ಟದೆ ಎಷ್ಟು ಮಾರುತ್ತೇವೆ ಎಂಬುದು ಗೊತ್ತಾಗದು. ಕೊಡುಗೆಯ ಲೆಕ್ಕಕ್ಕೆ ಈ ಗಾಣದ ಸುತ್ತು ಇಲ್ಲ. 2.80 ಎಂಬ ಅಂಕಿ ಮಾರಾಟ ಏರಿದರೂ ಇಳಿದರೂ ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ.

ಅಸಲಿನ ಲೆಕ್ಕ ಇನ್ನೊಂದು ಕಡೆಯೂ ದಾರಿ ತಪ್ಪಿಸುತ್ತದೆ. ಗುತ್ತಿಗೆದಾರರು ಕೇಳುತ್ತಿರುವುದು ಈಗಿನ 32,000ದ ಮೇಲೆ ಹೊಸದಾಗಿ 6,000 ತಟ್ಟೆ, ಒಂದೇ ಮದುವೆಗೆ ಎಂದಾದರೆ? ಅಸಲು 3.70 ಎಂದುಕೊಂಡವನು ಬೇಡ ಎನ್ನುತ್ತಾನೆ. ಆದರೆ 36,000ದ ಡಬ್ಬಿ ಆಗಲೇ ತುಂಬಿದೆ, ಯಂತ್ರ ಖಾಲಿ ಇದೆ. ಎಪ್ಪತ್ತು ಪೈಸೆಯಂತೆ 4,200 ರೂಪಾಯಿ ಪೂರ್ತಿ ಉಳಿಕೆ. ಎಲ್ಲರಿಗೂ ಕೊಟ್ಟರೆ ಮುಳುಗಿಸುವ ಮೂರೂವರೆ, ಇಲ್ಲಿ ಬಿಡಬಾರದ ದರ. ಹಳೆಯ ಗಿರಾಕಿಗಳ ಕಿವಿಗೆ ಬೀಳಬಾರದು ಅಷ್ಟೆ. ಒಂದೇ ಪೇಟೆಯಲ್ಲಿ ಮಾರುವವರಿಗೆ ಅದು ಸಣ್ಣ ಷರತ್ತಲ್ಲ.

ಈ ಲೆಕ್ಕ ಕೆಡುವುದೂ ಉಂಟು. ತಟ್ಟೆಯ ಲೆಕ್ಕದ ಕೂಲಿಯವರನ್ನು, ಬೇರೆ ಕಡೆ ಹೋಗಿಬಿಟ್ಟಾರು ಎಂದು ಕೆಲಸವಿಲ್ಲದ ದಿನವೂ ಸಂಬಳ ಕೊಟ್ಟು ಉಳಿಸಿಕೊಂಡರೆ, ಆ 50 ಪೈಸೆ ಜಾತಿ ಬದಲಿಸಿ 36,000ದ ಕಡೆಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಮಾಲೀಕನ ಸ್ವಂತ ಸಂಬಳ. ತಿಂಗಳಿಗೆ 20,000 ತನಗೂ ಬೇಕು ಎಂದರೆ ಡಬ್ಬಿ 56,000ದ್ದಾಗುತ್ತದೆ. ನಾಲ್ಕು ರೂಪಾಯಿ ದರದಲ್ಲಿ ಅದನ್ನು ತುಂಬಲು 46,667 ತಟ್ಟೆ ಬೇಕು, ಯಂತ್ರದ ಮಿತಿ 40,000. ಅಂದರೆ ಗುತ್ತಿಗೆದಾರರು ಬರುವ ಮೊದಲೇ ದರ ಕಡಿಮೆ ಇತ್ತು. 34,000 ತಟ್ಟೆ ಹೋಗಬಹುದು ಎಂದು ಅಂದಾಜಿಟ್ಟರೆ ಒಂದೊಂದೂ 1.65 ಕೊಡಬೇಕು, ದರ 4.45.

ಕರ್ನಾಟಕ 2016ರಲ್ಲೂ ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ಪ್ಲಾಸ್ಟಿಕ್ ತಟ್ಟೆಗಳನ್ನು ನಿಷೇಧಿಸಿದವು. ಅಂಥ ಆದೇಶಗಳಿಂದ ಬೇಡಿಕೆ ಹೆಚ್ಚಬಹುದು, ಆದರೆ 2.80 ಇಳಿಯುವುದಿಲ್ಲ. ಅದನ್ನು ಏರಿಸುವುದು ಮಾತ್ರ ಮಳೆಗಾಲ. ಬೇಸಿಗೆಯಲ್ಲಿ ಹೆಕ್ಕಿ ಪೇರಿಸಿಟ್ಟ ಹಾಳೆಗೆ ಜುಲೈಯಲ್ಲಿ ಬೂಸ್ಟು ಹಿಡಿಯುತ್ತದೆ. ಕಟ್ಟು ಬಿಚ್ಚಿದರೆ ಬಿಳಿ ಪುಡಿ, ತೊಳೆದು ಒತ್ತಿದರೆ ಕಪ್ಪು ಚುಕ್ಕೆ. ತಿರಸ್ಕಾರ ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿದರೆ 2.80 ಇದ್ದದ್ದು 3.11. ಆಗ ನಾಲ್ಕು ರೂಪಾಯಿಯ ತಟ್ಟೆಯ ಬ್ರೇಕ್ ಈವನ್ 40,500 ದಾಟುತ್ತದೆ, ಗಿರಾಕಿ ಒಬ್ಬನೂ ಬಿಟ್ಟು ಹೋಗದೆಯೇ. ಇದು ತಿಂಗಳ ಕೊನೆಯ ಲೆಕ್ಕದಲ್ಲಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಒತ್ತಿದ್ದೆಷ್ಟು, ಎಸೆದದ್ದೆಷ್ಟು ಎಂದು ದಿನವೂ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಟ್ಟವನಿಗೆ ವಾರದೊಳಗೇ ಕಾಣುತ್ತದೆ. 4.40ರ ದರ ಇದ್ದರೆ ಅದೇ ಬೂಸ್ಟಿನ ತಿಂಗಳೂ ಸುಮಾರು 28,000 ತಟ್ಟೆಗೆ ದಡ ಹತ್ತುತ್ತದೆ.