ಅಡಿಕೆ ಮರಕ್ಕೆ ಕಟ್ಟಿದ ತಂತಿ

ಮಕ್ಕಳೇ, ಕಳೆದ ಆಷಾಢದಲ್ಲಿ ನಮ್ಮ ಮನೆಯ ಟಿವಿಗೆ ಒಂದು ವಿಚಿತ್ರ ಕಾಯಿಲೆ ಬಂದಿತ್ತು. ಗಾಳಿ ಬೀಸಿದರೆ ಚಿತ್ರ ಚೂರುಚೂರು, ಗಾಳಿ ನಿಂತರೆ ಮತ್ತೆ ಸರಿ. ಜೋರು ಮಳೆಯಲ್ಲಿ ಚಿತ್ರ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಮಳೆಯಿಲ್ಲದೆ ಬರೀ ಗಾಳಿಗೆ ಹೋದರೆ ಡಿಶ್ ಅಲುಗುತ್ತಿದೆ ಎಂದೇ ತಿಳಿಯಬೇಕು. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಡಿಶ್ ಒಂದೆರಡು ಡಿಗ್ರಿ ತಿರುಗಿದರೂ ಗುರಿ ತಪ್ಪಿತು.

ನಮ್ಮದು ಹೆಂಚಿನ ಮನೆ, ಸುತ್ತ ತೋಟ. ಹಾಗಾಗಿ ಬಯಲು ಕಾಣುವ ಅಂಗಳದ ಮೂಲೆಯಲ್ಲಿ ಕಬ್ಬಿಣದ ಪೈಪು ನೆಟ್ಟು, ಅದರ ತುದಿಗೆ ಡಿಶ್ ಕೂರಿಸಿ, ಮೂರು ಕಡೆಗೆ ತಂತಿ ಎಳೆದು ಕಟ್ಟಿದ್ದೆ.

ಮೊದಲು ನನಗೆ ಕ್ಲಾಂಪಿನ ಮೇಲೆ ಅನುಮಾನ. ಅದು ಸಡಿಲವಾದರೆ ಡಿಶ್ ಪೈಪಿನ ಸುತ್ತ ಜಾರುತ್ತದೆ. ಕೂರಿಸುವ ದಿನವೇ ಕ್ಲಾಂಪಿನಿಂದ ಪೈಪಿನವರೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ನೋಡಿದರೆ ಗೆರೆ ನೇರವಾಗಿಯೇ ಇತ್ತು. ಅಂದರೆ ಕ್ಲಾಂಪು ಜಾರಿಲ್ಲ.

ಆಗ ಏಳನೇ ತರಗತಿಯ ಮೊಮ್ಮಗಳು ಕೂಗಿದಳು: "ಅಜ್ಜ, ಕಂಬವನ್ನು ಮರ ಎಳೀತಿದೆ ನೋಡು!"

ನಿಜ. ಗೂಟ ಹೊಡೆಯುವ ಶ್ರಮ ಉಳಿಸಲು ಒಂದು ತಂತಿಯನ್ನು ಅಡಿಕೆ ಮರಕ್ಕೆ ಕಟ್ಟಿದ್ದೆ. ಗಾಳಿಗೆ ಮರ ತೂಗಿದಾಗಲೆಲ್ಲ ಕಂಬವೂ ಬಾಗುತ್ತಿತ್ತು!

ಗಾಳಿ ನಿಂತ ದಿನ ಸರಿಪಡಿಸಲು ಹೊರಟೆವು. ತಂತಿ ಎಳೆಯಬಲ್ಲದು, ನೂಕಲಾರದು. ಅದಕ್ಕೇ ಮೂರು ತಂತಿ ಬೇಕು, ಮೂರೂ ಸಮ ಅಂತರದಲ್ಲಿರಬೇಕು. ಆಗ ಗಾಳಿ ಯಾವ ದಿಕ್ಕಿನಿಂದ ಬಂದರೂ ಒಂದಾದರೂ ತಂತಿ ಎದುರು ಎಳೆದು ಹಿಡಿಯುತ್ತದೆ. ನಮ್ಮ ತಂತಿಗಳ ಕಟ್ಟು ಡಿಶ್‌ಗಿಂತ ಕೆಳಗೆ, ನೆಲದಿಂದ 8 ಅಡಿ ಎತ್ತರದಲ್ಲಿದೆ. ಗೂಟವನ್ನು ಕಂಬದಿಂದ 6 ಅಡಿ ದೂರ ಇಟ್ಟರೆ ತಂತಿ ಎಷ್ಟುದ್ದ ಬೇಕು? ಮೊಮ್ಮಗಳು ಲೆಕ್ಕ ಹಾಕಿದಳು: 36ಕ್ಕೆ 64 ಕೂಡಿದರೆ 100, ಅದರ ವರ್ಗಮೂಲ 10. ಹತ್ತಡಿ, ಜೊತೆಗೆ ಎರಡು ತುದಿ ಸುತ್ತಲು ಒಂದಿಷ್ಟು.

ಹೊಸ ಕಬ್ಬಿಣದ ಗೂಟವನ್ನು ಕಂಬದಿಂದ ಆಚೆಗೆ ವಾಲಿಸಿ ಆಳಕ್ಕೆ ಹೊಡೆದು, ಬುಡಕ್ಕೆ ಕಾಂಕ್ರೀಟ್ ಹಾಕಿ, ಅದು ಗಟ್ಟಿಯಾಗಲು ಒಂದು ವಾರ ಬಿಟ್ಟೆವು. ಆಮೇಲೆ ಗಾರೆಯವರ ತೂಕದ ಗುಂಡನ್ನು ಎರಡು ಬದಿಯಿಂದ ಹಿಡಿದು ಕಂಬ ನೆಟ್ಟಗಿದೆಯೇ ನೋಡುತ್ತ, ಮೂರು ತಂತಿಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದೆವು. ಒಂದನ್ನೇ ಪೂರ್ತಿ ಬಿಗಿದರೆ ಕಂಬ ಅತ್ತ ವಾಲುತ್ತದೆ. ತಂತಿ ಜೋಲದಿದ್ದರೆ ಸಾಕು, ವೀಣೆಯ ತಂತಿಯಷ್ಟು ಬಿಗಿ ಬೇಡ. ಕೊನೆಯಲ್ಲಿ ಡಿಶ್‌ನ ಗುರಿ ಸರಿ ಮಾಡಿದೆವು. ಕಂಬ ನೆಟ್ಟಗಾಗುವ ಮೊದಲು ಗುರಿ ಹಿಡಿದರೆ ಆ ಕೆಲಸ ದಂಡ.

ಅಜ್ಜಂದಿರಿಗೆ ಒಂದು ಮಾತು: ಕಂಬ ಯಾವ ಕಡೆಗೆ ಬಿದ್ದರೂ ಕರೆಂಟಿನ ತಂತಿಗೆ ತಾಗದಂಥ ಜಾಗವನ್ನೇ ಆರಿಸಿ. ಏಣಿಯ ಕೆಲಸಕ್ಕೆ ಮಕ್ಕಳನ್ನು ಹತ್ತಿಸಬೇಡಿ.

ಈ ಆಷಾಢದಲ್ಲಿ ಅಡಿಕೆ ಮರ ಒಂದೇ ತೂಗುತ್ತಿದೆ. ಕಂಬ ಸುಮ್ಮನೆ ನಿಂತಿದೆ.